ಬಳೆಗಳನ್ನು ಬಿಚ್ಚಿ ಜೋಡಿಸಿದಾಗ

ವೃತ್ತದ ಸುತ್ತಳತೆಯಲ್ಲಿ ಪೈ ಇರುವುದು ಸರಿ. ಪರಿಧಿಯನ್ನು ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆಗೇ ಆ ಹೆಸರಿಟ್ಟಿದ್ದೇವೆ. ಆದರೆ ಒಳಗಿನ ಜಾಗವನ್ನು ಅಳೆಯುವಾಗಲೂ ಅದೇ ಪೈ ಯಾಕೆ ಬರಬೇಕು? ಶಾಲೆಯಲ್ಲಿ πr² ಬಾಯಿಪಾಠವಾಗುತ್ತದೆ, ಈ ಪ್ರಶ್ನೆ ಮಾತ್ರ ಹಾಗೇ ಉಳಿದುಬಿಡುತ್ತದೆ.

7 ಸೆಂಟಿಮೀಟರ್ ತ್ರಿಜ್ಯದ ವೃತ್ತವೊಂದನ್ನು ಒಂದರೊಳಗೊಂದು ಕೂತ ತೆಳು ಬಳೆಗಳಾಗಿ ನೋಡಿ. ಕೇಂದ್ರದಿಂದ ಅಂಚಿನವರೆಗೆ ನೇರವಾಗಿ ಒಮ್ಮೆ ಕತ್ತರಿಸಿದರೆ ಎಲ್ಲ ಬಳೆಗಳೂ ಬಿಚ್ಚಿಕೊಳ್ಳುತ್ತವೆ. ಅವನ್ನು ನೀಟಾಗಿ ಎಳೆದು, ಚಿಕ್ಕದು ಮೇಲೆ, ದೊಡ್ಡದು ಕೆಳಗೆ ಬರುವಂತೆ, ಎಡತುದಿ ಸಮವಾಗಿಟ್ಟು ಜೋಡಿಸಿ. ಕೆಳಗಿನ ಪಟ್ಟಿ ಇಡೀ ಪರಿಧಿಯಷ್ಟು, ಅಂದರೆ ಸುಮಾರು 44 ಸೆಂಟಿಮೀಟರ್. ಎತ್ತರ ತ್ರಿಜ್ಯದಷ್ಟು, 7. ಸಿಕ್ಕಿದ್ದು ಲಂಬಕೋನ ತ್ರಿಭುಜ. ಅದರ ವಿಸ್ತೀರ್ಣ ಪಾದ ಮತ್ತು ಎತ್ತರದ ಗುಣಲಬ್ಧದ ಅರ್ಧ, 154. ಅಕ್ಷರಗಳಲ್ಲಿ ಬರೆದರೆ ½ × 2πr × r = πr². ಪರಿಧಿಯಲ್ಲಿದ್ದ ಪೈ ಪಾದದ ಮೂಲಕ ಒಳಗೆ ಬಂದಿತು. 12ನೇ ಶತಮಾನದಲ್ಲಿ ಬಾರ್ಸಿಲೋನದ ಅಬ್ರಹಾಂ ಬಾರ್ ಹಿಯ್ಯ ಹೀಗೇ ವಿವರಿಸಿದ್ದ.

ಇಲ್ಲಿ ಒಂದು ತಕರಾರು ಏಳಲೇಬೇಕು. ಬಳೆಯ ಹೊರ ಅಂಚು ಒಳ ಅಂಚಿಗಿಂತ ಉದ್ದ. ನೀಟಾಗಿ ಎಳೆದರೆ ಒಂದೋ ಒಳಗೆ ಹಿಗ್ಗಬೇಕು, ಇಲ್ಲವೇ ಹೊರಗೆ ಸುಕ್ಕಾಗಬೇಕು. ಹಾಗಿದ್ದರೆ 154ನ್ನು ನಂಬುವುದು ಹೇಗೆ?

ಎರಡೂ ಕಡೆಯಿಂದ ಒತ್ತಿ ನೋಡೋಣ. ಬಳೆಗಳು 1 ಸೆಂಟಿಮೀಟರ್ ಅಗಲವಾಗಿದ್ದರೆ ಒಟ್ಟು ಏಳು. ಪ್ರತಿ ಪಟ್ಟಿಗೂ ಹೊರ ಅಂಚಿನ ಉದ್ದ ಕೊಟ್ಟರೆ ಮೊತ್ತ 176. ಇದು ಖಂಡಿತ ಹೆಚ್ಚು. ಒಳ ಅಂಚಿನ ಉದ್ದ ಕೊಟ್ಟರೆ 132. ಇದು ಖಂಡಿತ ಕಡಿಮೆ. ಅಂತರ 44, ಅಂದರೆ ಸರಿಯಾಗಿ ತೀರಾ ಹೊರಗಿನ ಒಂದೇ ಪಟ್ಟಿಯಷ್ಟು. ಅಗಲವನ್ನು 1 ಮಿಲಿಮೀಟರಿಗೆ ಇಳಿಸಿದರೆ ಬಳೆಗಳು ಎಪ್ಪತ್ತಾಗುತ್ತವೆ, ಆದರೂ ಅಂತರ ಆ ಒಂದು ಪಟ್ಟಿಯಷ್ಟೇ: 4.4. ಮೊತ್ತಗಳು 156.2 ಮತ್ತು 151.8. ಪಟ್ಟಿ ತೆಳುವಾದಷ್ಟೂ ಅಂತರ ಕರಗುತ್ತದೆ, ನಡುವೆ 154 ಕದಲದೆ ನಿಲ್ಲುತ್ತದೆ. ಈ ಭಾಗ ನನಗೆ ತ್ರಿಭುಜದ ಚಿತ್ರಕ್ಕಿಂತಲೂ ಇಷ್ಟ. ಆರ್ಕಿಮಿಡಿಸ್ ಬಳಸಿದ್ದು ಬಳೆಗಳನ್ನಲ್ಲ, ಬಹುಭುಜಗಳನ್ನು. ಆದರೂ ವೃತ್ತವು ಇದೇ ತ್ರಿಭುಜಕ್ಕಿಂತ ಹೆಚ್ಚೂ ಇರಲಾರದು, ಕಡಿಮೆಯೂ ಇರಲಾರದು ಎಂದೇ ಅವನೂ ಸಾಧಿಸಿದ.

ಇನ್ನು ತ್ರಿಭುಜದ ಓರೆ ಬಾಹು ನೇರವಾಗಿಯೇ ಬರುವುದೇಕೆ? ಕೇಂದ್ರದಿಂದ ಎರಡು ಪಟ್ಟು ದೂರದ ಬಳೆ ಎರಡು ಪಟ್ಟು ಉದ್ದ, ಮೂರು ಪಟ್ಟು ದೂರದ್ದು ಮೂರು ಪಟ್ಟು. ಎಲ್ಲ ವೃತ್ತಕ್ಕೂ ಪೈ ಒಂದೇ ಆದ್ದರಿಂದ. ಸಮತಲ ಬಿಟ್ಟರೆ ಈ ನಿಯಮ ಮುರಿಯುತ್ತದೆ. 7 ಸೆಂಟಿಮೀಟರ್ ತ್ರಿಜ್ಯದ ಅರ್ಧಗೋಳದ ಮೈಯನ್ನು ಹೀಗೆಯೇ ಬಳೆಗಳಾಗಿ ಬಿಚ್ಚಿ. ನೆತ್ತಿಯಿಂದ ಅಂಚಿಗೆ ಮೈಮೇಲಿನ ದೂರ 11, ಅಂಚಿನ ಸುತ್ತಳತೆ 44. ತ್ರಿಭುಜವಾಗಿದ್ದರೆ 242 ಬರಬೇಕಿತ್ತು. ಆದರೆ ಅಲ್ಲಿ ಬಳೆಗಳು ನೆತ್ತಿಯ ಬಳಿ ಬೇಗ ಬೆಳೆದು ಅಂಚಿನ ಬಳಿ ಬೆಳೆಯುವುದನ್ನೇ ನಿಲ್ಲಿಸುತ್ತವೆ. ಓರೆ ಬಾಹು ಹೊರಗೆ ಉಬ್ಬುತ್ತದೆ, ನಿಜವಾದ ವಿಸ್ತೀರ್ಣ 308 ಆಗುತ್ತದೆ.