ಎಡಕ್ಕೆ ತಿರುಗಿದ ಬೋಲ್ಟ್

ಅಕ್ಕಲಕೋಟೆ ತಾಲೂಕಿನ ನಮ್ಮ ಹೊಲದಲ್ಲಿ ಅರವತ್ತು ದಾಳಿಂಬೆ ಗಿಡಗಳಿದ್ದವು. ನಿವೃತ್ತಿಯ ನಂತರ ನಾನು ನೆಟ್ಟವು. ಮೂರು ವರ್ಷಗಳ ಹಿಂದೆ ಏಪ್ರಿಲ್ ತಿಂಗಳಲ್ಲಿ, ಬಾವಿಯ ಪಂಪಿನಿಂದ ನೀರು ಸೋರುವುದನ್ನು ಕಂಡು, ಕೊಳವೆ ಕೂಡುವ ಫ್ಲ್ಯಾಂಜಿನ ಗ್ಯಾಸ್ಕೆಟ್ ಬದಲಿಸಲು ನಾನೇ ಮುಂದಾದೆ. ನಾಲ್ಕು ಬೋಲ್ಟುಗಳಲ್ಲಿ ಮೂರು ಬಿಚ್ಚಿದವು. ನಾಲ್ಕನೆಯದು ತುಕ್ಕು ಹಿಡಿದು ಕದಲಲಿಲ್ಲ. ಪಾನಾದ ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿ ಬಲ ಹಾಕಿದೆ. ಒಮ್ಮೆಲೆ ಹಗುರಾಯಿತು, ಬಿಚ್ಚಿತೆಂದು ಹಿಗ್ಗಿದೆ. ಕೈಗೆ ಬಂದದ್ದು ಬೋಲ್ಟಿನ ತಲೆ ಮಾತ್ರ. ಉಳಿದ ಭಾಗ ಬೀಡುಕಬ್ಬಿಣದ ಮೇಲ್ಮೈಗೆ ಸಮನಾಗಿ ಮುರಿದು ಒಳಗೇ ಉಳಿದಿತ್ತು. ಹಿಡಿಯಲು ಇಕ್ಕಳಕ್ಕೆ ಎಡೆಯಿರಲಿಲ್ಲ.

ಆ ಮಾದರಿಯ ಕೇಸಿಂಗ್ ಈಗ ಅಂಗಡಿಗಳಲ್ಲಿ ದೊರೆಯದು. ರಂಧ್ರ ಕೆಟ್ಟರೆ ಹೊಸ ಪಂಪನ್ನೇ ಕೊಳ್ಳಬೇಕು; ಗಿಡಗಳು ಅಲ್ಲಿಯವರೆಗೆ ಕಾಯುವಂತಿರಲಿಲ್ಲ. ಪಂಪನ್ನು ಬಿಚ್ಚಿಸಿ ಟಂಟಂನಲ್ಲಿ ಹೇರಿಕೊಂಡು, ನಮ್ಮ ಶಾಲೆಯಲ್ಲಿ ಕಲಿತು ಈಗ ವರ್ಕ್‌ಶಾಪ್ ನಡೆಸುವ ಹುಡುಗನಲ್ಲಿಗೆ ಒಯ್ದೆ.

ಅವನು ಮೊದಲು ಮುರಿದ ಮುಖವನ್ನು ಅರದಿಂದ ಸಮ ಮಾಡಿದ. ನಡುವನ್ನು ಅಳೆದು ಸೆಂಟರ್ ಪಂಚಿನಿಂದ ಗುರುತು ಹೊಡೆದ. ಈ ಚುಕ್ಕೆ ಸರಿದರೆ ಡ್ರಿಲ್ ಓರೆಯಾಗಿ ಇಳಿದು, ಉಕ್ಕಿನ ಬೋಲ್ಟನ್ನು ಬಿಟ್ಟು ಮೆದುವಾದ ಬೀಡಿನ ಥ್ರೆಡ್ಡನ್ನು ತಿನ್ನುತ್ತದಂತೆ. ಆಮೇಲೆ ಅವನು ಹೊರತೆಗೆದ ಡ್ರಿಲ್ ಬಿಟ್‌ಗಳ ಸುರುಳಿ ನಾವು ನೋಡುವ ಬಿಟ್‌ಗಳಿಗೆ ತಿರುವುಮುರುವಾಗಿತ್ತು. ಇವು ಎಡಸುತ್ತಿನವು, ಯಂತ್ರವನ್ನು ಹಿಮ್ಮುಖ ತಿರುಗಿಸಿದಾಗ ಕೊರೆಯುತ್ತವೆ. ಸಾಮಾನ್ಯ ಬಿಟ್ ಬಲಕ್ಕೆ ತಿರುಗುತ್ತ ಬೋಲ್ಟನ್ನು ಇನ್ನೂ ಒಳಕ್ಕೆ ಬಿಗಿಯುತ್ತದೆ. ಇದು ಕೊರೆಯುವಾಗಲೂ ಬಿಚ್ಚುವ ದಿಕ್ಕಿಗೇ ತಳ್ಳುತ್ತದೆ. ಎಷ್ಟೋ ಸಲ ಬಿಟ್ ಕಚ್ಚಿಕೊಂಡೊಡನೆ ಬೋಲ್ಟು ತಾನಾಗಿ ಹೊರಬರುವುದುಂಟು.

ನಮ್ಮದು ಹತ್ತು ಮಿಲಿಮೀಟರ್ ಬೋಲ್ಟು. ಮೊದಲು 3, ಬಳಿಕ 5 ಮಿಲಿಮೀಟರ್ ರಂಧ್ರವನ್ನು ನಿಧಾನ ವೇಗದಲ್ಲಿ, ಎಣ್ಣೆ ಬಿಡುತ್ತ ಕೊರೆದ. ಬೋಲ್ಟು ಅಲುಗಲಿಲ್ಲ. ರಂಧ್ರವನ್ನು ಇನ್ನೂ ದೊಡ್ಡದು ಮಾಡೆಂದೆ. ಅವನು ಒಪ್ಪಲಿಲ್ಲ. ಗೋಡೆ ತೆಳುವಾದರೆ, ಮೊನಚಾದ ಎಕ್ಸ್‌ಟ್ರಾಕ್ಟರ್ ಒಳಹೊಕ್ಕಾಗ ಬೋಲ್ಟು ಅರಳಿ ಥ್ರೆಡ್ಡಿಗೆ ಮತ್ತಷ್ಟು ಒತ್ತಿಕೊಳ್ಳುತ್ತದೆ ಎಂದ.

ಎಕ್ಸ್‌ಟ್ರಾಕ್ಟರ್ ಎಂದರೆ ತುದಿಯತ್ತ ಸಣ್ಣಗಾಗುವ, ಎಡಸುರುಳಿಯ ಗಟ್ಟಿ ಉಕ್ಕಿನ ಗೂಟ. ಅದನ್ನು ರಂಧ್ರದಲ್ಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಟ್ಯಾಪ್ ಹಿಡಿಯಿಂದ ಎಡಕ್ಕೆ ತಿರುವಿದ. ಎಡಕ್ಕೆ ತಿರುಗಿದಷ್ಟೂ ಅದು ಬೋಲ್ಟನ್ನು ಕಚ್ಚುತ್ತದೆ. ಬೋಲ್ಟು ಮಿಸುಕಲಿಲ್ಲ, ಹಿಡಿ ಮಾತ್ರ ಸ್ಪ್ರಿಂಗಿನಂತೆ ಹಿಂದಕ್ಕೆ ಪುಟಿಯಿತು. ಅವನು ತಕ್ಷಣ ಕೈಬಿಟ್ಟ.

"ಇನ್ನೊಂಚೂರು ಬಲ ಹಾಕಪ್ಪ" ಎಂದೆ.

"ಬ್ಯಾಡ್ರಿ ಸರ್. ಹತ್ತು ಮಿಲಿಮೀಟರ್ ಬೋಲ್ಟ್ ತಡೀಲಾರದ ಬಲಾನ ಈ ಸಣ್ಣ ಗೂಟ ಹ್ಯಾಂಗ ತಡೀತೈತ್ರಿ? ಇದು ಬಿಗಿ ಸಡಿಲಸೂದಿಲ್ರಿ. ಸಡಿಲಾದದ್ದನ್ನ ಹೊರಗ ತರತೈತಿ, ಅಷ್ಟೇ."

ಗಣಿತ ಕಲಿಸಿದ ನನಗೆ ಹೊಳೆಯದ ಲೆಕ್ಕ ಅದು. ಈ ಗೂಟ ಬಹಳ ಗಟ್ಟಿ, ಆದ್ದರಿಂದಲೇ ಪೆಡಸು. ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಅದನ್ನು ಕೊರೆಯಲಾರದು. ಆಗ ಕೇಸಿಂಗಿನ ಆಸೆ ಬಹುಮಟ್ಟಿಗೆ ಬಿಟ್ಟಂತೆಯೇ.

ಎಕ್ಸ್‌ಟ್ರಾಕ್ಟರನ್ನು ಹೊರತೆಗೆದು, ಎಣ್ಣೆಯನ್ನೆಲ್ಲ ಒರೆಸಿ, ಬ್ಲೋಲ್ಯಾಂಪಿನಿಂದ ಬೋಲ್ಟಿನ ಸುತ್ತಲ ಬೀಡನ್ನು ಕಾಯಿಸಿದ. ಸುತ್ತಲಿನ ಲೋಹ ಹಿಗ್ಗಿ ಕುಗ್ಗಿದಾಗ ತುಕ್ಕಿನ ಹಿಡಿತ ಬಿರಿಯುತ್ತದೆ. ಕಾವು ಇಳಿದ ಮೇಲೆ ತುಕ್ಕು ಬಿಡಿಸುವ ತೆಳುವಾದ ಎಣ್ಣೆ ಹಾಕಿದ. ಬಿಸಿ ಲೋಹಕ್ಕೆ ಸುರಿದರೆ ಬೆಂಕಿ ಹೊತ್ತೀತು. ಹೀಗೆ ಮೂರು ಸಲ ಮಾಡಿ, ರಾತ್ರಿಯಿಡೀ ಹಾಗೆಯೇ ಬಿಡಲು ಹೇಳಿದ. ಆ ರಾತ್ರಿ ನನಗೆ ಗಿಡಗಳದ್ದೇ ಚಿಂತೆ.

ಮರುದಿನ ಬೆಳಿಗ್ಗೆ ಮತ್ತೆ ಗೂಟ ಕೂಡಿಸಿ ತಿರುವಿದಾಗ ಸಣ್ಣಗೆ 'ಕಿರ್' ಎಂದಿತು. ಹಿಡಿ ಈ ಸಲ ಪುಟಿಯಲಿಲ್ಲ, ಸರಿದ ಜಾಗದಲ್ಲೇ ನಿಂತಿತು. ಅದೇ ಬೋಲ್ಟು ಕದಲಿದ ಗುರುತು. ಆದರೂ ಅವಸರಿಸದೆ ಕಾಲು ಸುತ್ತು ಎಡಕ್ಕೆ, ಸ್ವಲ್ಪ ಬಲಕ್ಕೆ, ಎಣ್ಣೆ, ಮತ್ತೆ ಎಡಕ್ಕೆ. ಅರ್ಧ ಗಂಟೆಯಲ್ಲಿ ತುಂಡು ಹೊರಬಂತು. ಹತ್ತು ಮಿಲಿಮೀಟರ್, ಒಂದೂವರೆ ಪಿಚ್ಚಿನ ಟ್ಯಾಪನ್ನು ಕೈಯಿಂದ ಹಾಯಿಸಿ ಥ್ರೆಡ್ಡಿನ ತುಕ್ಕು ತೆಗೆದ. ಹೊಸ ಬೋಲ್ಟುಗಳಿಗೆ ಗ್ರೀಸ್ ಹಚ್ಚಿ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕೆಂದು ತಿಳಿಸಿ ಕಳುಹಿಸಿದ.

ಸಂಜೆಗೆ ನೀರು ಹರಿಯಿತು. ನಾಲ್ಕು ಗಿಡಗಳು ಹೋದವು, ಐವತ್ತಾರು ಉಳಿದವು. ಆ ತುಂಡು ಈಗಲೂ ನನ್ನ ಮೇಜಿನ ಮೇಲಿದೆ. ಪೈಪನ್ನು ಮಾತ್ರ ಪಾನಾಗಳ ಪೆಟ್ಟಿಗೆಯಿಂದ ತೆಗೆದು ಅವರೆಬಳ್ಳಿಗೆ ಆಸರೆಯಾಗಿ ನೆಟ್ಟಿದ್ದೇನೆ.