ಹತ್ತಕ್ಕ ಆರು ಅಂದ್ರ ಏನರ್ಥ? (ಬಿಕಾಂ ಬರಹ, ಭಾಗ 4)

ನಮ್ಮ ರೂಮಿನ್ಯಾಗ ನಾಲ್ಕು ಮಂದಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ತಾಲೂಕಿಗೊಬ್ಬರು. ಹೋದ ಟೆಸ್ಟಿನ್ಯಾಗ "ನಮ್ಮ ಭಾಗದ ನಿಂಬೆ ವ್ಯಾಪಾರ" ಅಂತ ಪ್ರಬಂಧ ಬಂದಿತ್ತು. ಮುದ್ದೇಬಿಹಾಳದವಗ ಹತ್ತಕ್ಕ ಆರು ಬಿದ್ದಾವ. ಯಾಕ ಆರು ಅಂತ ಕೇಳಾಕ ಹೋದ್ರ, "ಉಳಿದವರಕಿಂತ ಸಾಧಾರಣ ಐತಪಾ" ಅಂತ ಉತ್ತರ ಬಂತು.

ಈ ಉತ್ತರದಾಗ ಒಂದು ಪದ್ಧತಿ ಅಡಗಿ ಕುಂತೈತಿ. ನಿಮ್ಮ ಬರಹವನ್ನು ಕ್ಲಾಸಿನ ಉಳಿದವರ ಬರಹದ ಪಕ್ಕ ಇಟ್ಟು ಅಳೆಯುವುದಕ್ಕೆ ನಾರ್ಮ್ ರೆಫರೆನ್ಸ್ಡ್ ಅಂತಾರ, ಕನ್ನಡದಾಗ ಹೋಲಿಕೆಯ ಮೌಲ್ಯಮಾಪನ ಅನ್ನಬಹುದು. ಇನ್ನೊಂದು ಕ್ರೈಟೀರಿಯನ್ ರೆಫರೆನ್ಸ್ಡ್. ಅದರಾಗ ಪಕ್ಕದವ ಏನ್ ಬರದಾನ ಅನ್ನೋದು ಲೆಕ್ಕಕ್ಕಿಲ್ಲ. ಏನಿದ್ರ ಎಷ್ಟು ಅಂಕ ಅಂತ ಮೊದಲೇ ಬರೆದಿಟ್ಟಿರ್ತಾರ, ಅದಕ್ಕ ಮಾತ್ರ ನಿಮ್ಮ ಪೇಪರ್ ಹಚ್ಚಿ ನೋಡ್ತಾರ. ನಿಂಬೆಹಣ್ಣಿನ ಉದಾಹರಣೆ ಕೊಡಬೇಕಂದ್ರ, ಬುಟ್ಟಿಯೊಳಗಿನ ದೊಡ್ಡ ಐದು ಹಣ್ಣು ಆರಿಸೋದು ಹೋಲಿಕೆ. ಇಷ್ಟು ಅಗಲದ ಬಳೆಯೊಳಗ ತೂರದ ಹಣ್ಣೆಲ್ಲಾ ದೊಡ್ಡವು ಅನ್ನೋದು ಮಾನದಂಡ.

ಅವನ ಪ್ರಬಂಧಕ್ಕ ನಾವೇ ಒಂದು ಮಾನದಂಡ ಹಾಕಿ ನೋಡಿದ್ವಿ. ಮುಖ್ಯ ವಾದ ಸ್ಪಷ್ಟ ಐತೇನು, 2 ಅಂಕ. ಉದಾಹರಣೆ, ಲೆಕ್ಕ ಕೊಟ್ಟಾನೇನು, 3 ಅಂಕ. ಒಂದು ಪ್ಯಾರಾದಿಂದ ಮುಂದಿನದಕ್ಕ ಕೊಂಡಿ ಐತೇನು, 3. ಭಾಷೆ, 2. ವಾದಕ್ಕ ಪೂರ್ತಿ 2 ಬಿತ್ತು. ಭಾಷೆಗೂ 2. ಪ್ಯಾರಾಗಳು ಒಂದಕ್ಕೊಂದು ಕೂಡ್ಯಾವ, ಅದಕ್ಕೂ 3. ಆದ್ರ ಉದಾಹರಣೆ ಒಂದೂ ಇಲ್ಲ. "ದಲ್ಲಾಳಿಗಳಿಂದ ರೈತಗ ನಷ್ಟ" ಅಂತ ಮೂರು ಸಲ ಬರದಾನ, ಒಂದು ಚೀಲಕ್ಕ ರೈತಗ ಸಿಕ್ಕಿದ್ದೆಷ್ಟು, ಗಿರಾಕಿ ಕೊಟ್ಟಿದ್ದೆಷ್ಟು ಅಂತ ಎಲ್ಲೂ ಇಲ್ಲ. ಅಲ್ಲಿ ಸೊನ್ನೆ. ಒಟ್ಟು 7. ಒಂದು ಅಂಕ ಹೆಚ್ಚಾತು ಅನ್ನೋದು ದೊಡ್ಡದಲ್ಲ, ಹೋದ ಮೂರು ಅಂಕ ಎಲ್ಲಿ ಹೋದ್ವು ಅನ್ನೋದು ಗೊತ್ತಾತು.

ಈಗ ಅದೇ 7ನ್ನ ಹೋಲಿಕೆಗೆ ಹಾಕ್ರಿ. ಸಿಬಿಎಸ್‌ಇ ಬೋರ್ಡಿನ್ಯಾಗ ಒಂದು ವಿಷಯದಾಗ ಪಾಸಾದವರನ್ನೆಲ್ಲಾ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿ, ಮೊದಲ ಎಂಟನೇ ಒಂದು ಭಾಗಕ್ಕ ಎ1, ಮುಂದಿನ ಎಂಟನೇ ಒಂದಕ್ಕ ಎ2, ಹಿಂಗ ಗ್ರೇಡ್ ಕೊಡ್ತಾರ. ಅದು ಪ್ರಬಂಧಕ್ಕಲ್ಲ, ಇಡೀ ವಿಷಯಕ್ಕ, ಆದ್ರ ಲೆಕ್ಕ ತಿಳಿಯಾಕ ಸಾಕು. ನಲವತ್ತು ಮಂದಿ ಕ್ಲಾಸಿಗೆ ಒಂದೊಂದು ಗ್ರೇಡಿನ್ಯಾಗ ಐದು ಮಂದಿ. ಸಾಧಾರಣ ಕ್ಲಾಸಿನ್ಯಾಗ ನಮ್ಮವನ 7 ಐದನೇ ಸ್ಥಾನಕ್ಕ ಬಂದ್ರ ಎ1. ಹುಷಾರ್ ಕ್ಲಾಸಿನ್ಯಾಗ 25ನೇ ಸ್ಥಾನಕ್ಕ ಹೋದ್ರ ಅದೇ ಹಾಳಿ, ಅದೇ ಅಕ್ಷರ, ಸಿ1. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿ ಗ್ರೇಡ್ ಹಂಗಲ್ಲ. 90ರ ಮ್ಯಾಲ ಎಷ್ಟು ಮಂದಿ ಬಂದ್ರೂ ಅಷ್ಟೂ ಮಂದಿಗೆ ಎ ಪ್ಲಸ್. (ಸಿಂದಗಿಯವನ ತಂಗಿ ಸಿಬಿಎಸ್‌ಇ, ನಾವೆಲ್ಲಾ ಸ್ಟೇಟ್. ಮನ್ಯಾಗ ಇಬ್ಬರ ಗ್ರೇಡ್ ಪಕ್ಕಪಕ್ಕ ಇಟ್ಟು ಬೈತಾರಂತ. ಅದು ಅಳತೆಗೋಲು ಬ್ಯಾರೆ ಇದ್ದ ಜಗಳ.) ಡಿಗ್ರಿಗೂ ಎರಡೂ ದಾರಿ ಅದಾವ. 2015ರ ಯುಜಿಸಿ ಸಿಬಿಸಿಎಸ್ ಮಾರ್ಗಸೂಚಿ ರಿಲೇಟಿವ್, ಅಬ್ಸೊಲ್ಯೂಟ್ ಎರಡನ್ನೂ ಹೆಸರಿಸೈತಿ.

ಹಂಗಂತ ಮಾನದಂಡ ಕಲ್ಲಿನ್ಯಾಗ ಕೆತ್ತಿದ್ದಲ್ಲ. 2024ರ ಎಸ್ಸೆಸ್ಸೆಲ್ಸಿ ನೆನಪೈತಲ್ಲ? ವೆಬ್‌ಕಾಸ್ಟಿಂಗ್ ಕ್ಯಾಮೆರಾದ ಕೆಳಗ ಪರೀಕ್ಷೆ ಆತು, ಫಲಿತಾಂಶ ಬಿತ್ತು. ಆಗ ಗ್ರೇಸ್ ಮಾರ್ಕ್ಸ್ 10 ಪರ್ಸೆಂಟಿನಿಂದ 20ಕ್ಕ ಏರಿಸಿದ್ರು, ಅದನ್ನ ಪಡಿಯಾಕ ಬೇಕಾದ ಕನಿಷ್ಠ ಅಂಕವನ್ನ 35 ಪರ್ಸೆಂಟಿನಿಂದ 25ಕ್ಕ ಇಳಿಸಿದ್ರು. ಆದರೂ ಪಾಸಾದವರು 73.40 ಪರ್ಸೆಂಟ್, ಹಿಂದಿನ ವರ್ಷ 83.89 ಇತ್ತು. ಹೆಸರಿಗೆ ಮಾನದಂಡ, ಆದ್ರ ಎಲ್ಲರೂ ಹೆಂಗ ಬರದಾರ ಅಂತ ನೋಡಿ ಗೆರೆ ಸರಿಸಿದ್ದು. ನನ್ನ ಪ್ರಕಾರ ಅದು ಒಳಗಿಂದ ಹೋಲಿಕೆನೇ.

ಪ್ರಬಂಧದಾಗ ಇದು ಇನ್ನೂ ಸುಲಭ ಆಗತೈತಿ. ಅಕೌಂಟ್ಸ್ ಲೆಕ್ಕದ ಉತ್ತರ ತಾಳೆ ಆಗತೈತಿ ಇಲ್ಲಾ ಇಲ್ಲ. ಪ್ರಬಂಧಕ್ಕ ಬರೆದಿಟ್ಟ ಅಳತೆ ಇಲ್ಲಾಂದ್ರ, ತಿದ್ದೋರ ಕಣ್ಣು ಹಿಂದಿನ ಪೇಪರನ್ನೇ ಅಳತೆ ಮಾಡಿಕೊಳ್ತೈತಿ. ನಾಲ್ಕು ಕೆಟ್ಟ ಪೇಪರ್ ನಂತರ ಬಂದ ಸಾಧಾರಣ ಪ್ರಬಂಧ ಛಲೋ ಕಾಣತೈತಿ, ಒಂದು ಅದ್ಭುತದ ಹಿಂದ ಬಂದ್ರ ಸಪ್ಪೆ. ಯಾರೂ ಬೇಕಂತ ಮಾಡೂದಿಲ್ಲ.

ಕಂಡುಹಿಡಿಯೋದು ಹೆಂಗ? ಪೇಪರ್ ಕೈಗೆ ಬಂದಾಗ "ಏಳು ಆಗಾಕ ಇದರಾಗ ಏನ್ ಇರಬೇಕಿತ್ತು ಸರ್?" ಅಂತ ಕೇಳ್ರಿ. ಬರಹದೊಳಗಿನ ಒಂದು ಜಾಗ ತೋರಿಸಿದ್ರ ಅದು ಮಾನದಂಡದ ಅಂಕ. ಇನ್ನೊಬ್ಬರ ಹೆಸರು ಬಂದ್ರ ಹೋಲಿಕೆಯ ಅಂಕ, ಅದರಿಂದ ಪ್ರಬಂಧ ತಿದ್ದಾಕ ಬರೂದಿಲ್ಲ, ಕ್ಲಾಸಿನ್ಯಾಗ ಎಲ್ಲಿ ನಿಂತೀರಿ ಅಂತಷ್ಟೇ ಗೊತ್ತಾಗತೈತಿ. ಸೀಟು ಕಡಿಮೆ ಇದ್ದಲ್ಲಿ ಅದೂ ಬೇಕಾಗತೈತಿ ಅನ್ರಿ.

ಮುದ್ದೇಬಿಹಾಳದವ ಈಗ ಎಪಿಎಂಸಿ ರೇಟ್ ಬರಕೊಳ್ಳಾಕ ಹತ್ಯಾನ. ಭಾಗ 5ರಾಗ ರಿವ್ಯಾಲ್ಯುಯೇಷನ್ ಬಗ್ಗೆ. ನಿಮ್ಮ ಪೇಪರಿನ್ಯಾಗ ಯಾವ ನಮೂನಿ ಅಂಕ ಬಂದಾವ, ಕೆಳಗ ಬರೀರಿ 👇

#ಬಿಕಾಂಬರಹ #ವಿಜಯಪುರ