ಮೂರು ತಿಂಗಳೋ, ಮಾರ್ಚ್ ತಿಂಗಳೋ?

ಭಾಷಾಪಾಠದಲ್ಲಿ ದೊಡ್ಡ ಪದಗಳಿಗಿಂತ ಚಿಕ್ಕ ಪದಗಳೇ ಹೆಚ್ಚು ಕಾಡುತ್ತವೆ ಎಂಬುದನ್ನು ನನ್ನ ಹಳೆಯ ವಿದ್ಯಾರ್ಥಿಗಳು ಬಲ್ಲರು. ಸಿಂಗಪುರದಲ್ಲಿ ಮಗನ ಮನೆಯಲ್ಲಿ ಕೆಲಕಾಲ ತಂಗಿದ್ದಾಗ, ಚೀನೀ ಭಾಷೆಯನ್ನು ಕಲಿಸುತ್ತಿದ್ದ ನಿವೃತ್ತ ಅಧ್ಯಾಪಕರೊಬ್ಬರ ಸ್ನೇಹ ಲಭಿಸಿತು. ಅವರು ತಿದ್ದುತ್ತಿದ್ದ ಪುಸ್ತಕಗಳಲ್ಲಿ ಕೆಂಪು ಗೆರೆಗಳು ಬಹುಪಾಲು ಎರಡೇ ಜಾಗಗಳಲ್ಲಿ ಬಿದ್ದಿರುತ್ತಿದ್ದವು: ಎಣಿಕೆಯ ಪಕ್ಕದಲ್ಲಿ ಮತ್ತು ‘ಲ’ ಎಂಬ ಅವ್ಯಯದ ಬಳಿ.

ಅಲ್ಲಿ ಮ್ಯಾಂಡರಿನ್ ಬಳಕೆಗಾಗಿ 1979ರಲ್ಲಿ ಸರ್ಕಾರವೇ ಆಂದೋಲನ ಆರಂಭಿಸಿತು. ಅದಕ್ಕೆ ಚಾಲನೆ ಕೊಟ್ಟ ಪ್ರಧಾನಿ ಲೀ ಕ್ವಾನ್ ಯೂ ಅವರೇ ಇಂಗ್ಲಿಷ್ ಶಾಲೆಗಳಲ್ಲಿ ಓದಿ, ವಯಸ್ಕರಾದ ಬಳಿಕ ಮ್ಯಾಂಡರಿನ್ ಕಲಿತವರು. 1987ರಲ್ಲಿ ಶಾಲೆಗಳೆಲ್ಲ ಇಂಗ್ಲಿಷನ್ನು ಪ್ರಥಮ ಭಾಷೆಯಾಗಿ ಕಲಿಸತೊಡಗಿದವು. ಹೀಗಾಗಿ ಇಂಗ್ಲಿಷಿನಲ್ಲಿ ಯೋಚಿಸಿ ಚೀನೀಯಲ್ಲಿ ಬರೆಯುವ ಚೀನೀಯರು ಅಲ್ಲಿ ಹೇರಳ.

ಅಂತಹ ತರುಣನೊಬ್ಬ ತನ್ನ ಅಜ್ಜಿಗೆ ‘ಮೂರು ತಿಂಗಳಿಂದ ಚೀನೀ ಕಲಿಯುತ್ತಿದ್ದೇನೆ’ ಎಂದು ಬರೆಯಬಯಸಿ, ‘ವೊ ಶ್ವೆ ಲ ಸಾನ್ ಯ್ವೆ ಹ್ವಾಯೂ’ ಎಂದು ಬರೆದನೆನ್ನೋಣ. ‘ವೊ’ ಎಂದರೆ ನಾನು, ‘ಶ್ವೆ’ ಕಲಿ, ‘ಸಾನ್’ ಮೂರು, ‘ಯ್ವೆ’ ತಿಂಗಳು, ‘ಹ್ವಾಯೂ’ ಚೀನೀ ಭಾಷೆ. ಪದಗಳೆಲ್ಲ ಸರಿಯಾಗಿವೆ. ಆದರೆ ವಾಕ್ಯದಲ್ಲಿ ಎರಡು ದೋಷಗಳಿವೆ.

ಮೊದಲನೆಯದು ಎಣಿಕೆಯದು. ಚೀನೀಯಲ್ಲಿ ಸಂಖ್ಯೆಗೂ ನಾಮಪದಕ್ಕೂ ನಡುವೆ ಸಾಮಾನ್ಯವಾಗಿ ಒಂದು ಮಾಪಕ ಪದ ಇರಬೇಕು. ಪುಸ್ತಕಕ್ಕೆ ‘ಬೆನ್’, ಕಾಗದ, ಮೇಜುಗಳಂತಹ ಹರವಾದ ವಸ್ತುಗಳಿಗೆ ‘ಜಾಂಗ್’, ನದಿ, ಮೀನುಗಳಂತಹ ನೀಳವಾದವುಗಳಿಗೆ ‘ತ್ಯಾವ್’. ಹಲವು ವಸ್ತುಗಳಿಗೆ ಒದಗುವ ಸಾಮಾನ್ಯ ಪದ ‘ಗ’. ಪುಸ್ತಕಕ್ಕೆ ‘ಬೆನ್’ ಬದಲು ‘ಗ’ ಎಂದರೆ ಕಿವಿಗೆ ಒರಟಾದರೂ ಅರ್ಥವಾಗುತ್ತದೆ. ತಿಂಗಳ ವಿಷಯದಲ್ಲಿ ಮಾತ್ರ ‘ಗ’ ಬಿಟ್ಟರೆ ಅರ್ಥವೇ ಬದಲಾಗುತ್ತದೆ: ‘ಸಾನ್ ಗ ಯ್ವೆ’ ಎಂದರೆ ಮೂರು ತಿಂಗಳ ಅವಧಿ, ‘ಸಾನ್ ಯ್ವೆ’ ಎಂದರೆ ಮಾರ್ಚ್. ನಾವು ಮೂರು, ಮೂರನೆಯ ಎಂಬ ಪ್ರತ್ಯಯದಿಂದ ತೋರಿಸುವ ಭೇದವನ್ನು ಇಲ್ಲಿ ‘ಗ’ ತೋರಿಸುತ್ತದೆ. ಗೊಂದಲ ಹೆಚ್ಚಿಸುವ ಸಂಗತಿಯೆಂದರೆ, ದಿನ ಮತ್ತು ವರ್ಷಗಳಿಗೆ ಮಾಪಕ ಪದ ಬೇಡ. ‘ಸಾನ್ ಟ್ಯೆನ್’ ಮೂರು ದಿನ, ‘ಸಾನ್ ನ್ಯೆನ್’ ಮೂರು ವರ್ಷ. ಆ ಎರಡನ್ನು ಮೊದಲು ಕಲಿತವನು ತಿಂಗಳಿಗೂ ಅದೇ ಅಚ್ಚು ಬಳಸಿ ಎಡವುತ್ತಾನೆ.

ಎರಡನೆಯ ದೋಷ ಇನ್ನೂ ಸೂಕ್ಷ್ಮ. ‘ಗ’ ಸೇರಿಸಿ ‘ವೊ ಶ್ವೆ ಲ ಸಾನ್ ಗ ಯ್ವೆ ಹ್ವಾಯೂ’ ಎಂದು ತಿದ್ದಿದರೂ ಅಜ್ಜಿಗೆ ಕೇಳಿಸುವುದು ‘ಮೂರು ತಿಂಗಳು ಕಲಿತೆ’ ಎಂದು. ಮೊಮ್ಮಗ ಪಾಠ ಬಿಟ್ಟುಬಿಟ್ಟನೆಂದು ಆಕೆ ತಿಳಿದರೆ ಆಶ್ಚರ್ಯವಿಲ್ಲ. ವಾಕ್ಯದ ಕೊನೆಗೆ ಮತ್ತೊಂದು ‘ಲ’ ಸೇರಿದರೆ, ‘ಈಗ ಮೂರು ತಿಂಗಳಾಯಿತು’ ಎಂಬ ಅರ್ಥ ಬಂದು, ಕಲಿಕೆ ಇನ್ನೂ ನಡೆದಿದೆಯೆಂಬ ಸೂಚನೆ ಸಿಗುತ್ತದೆ. ಕ್ರಿಯಾಪದಕ್ಕೆ ಅಂಟಿದ ‘ಲ’ ಕೆಲಸ ನೆರವೇರಿದ್ದನ್ನು ಹೇಳಿದರೆ, ವಾಕ್ಯಾಂತ್ಯದ ‘ಲ’ ಈಗಿನ ಸ್ಥಿತಿಯಲ್ಲಾದ ಬದಲಾವಣೆಯನ್ನು ಹೇಳುತ್ತದೆ.

ಇಂಗ್ಲಿಷ್ ಕಲಿತವನು ‘ಲ’ವನ್ನು ಭೂತಕಾಲದ ಪ್ರತ್ಯಯವೆಂದೇ ಎಣಿಸುವುದರಿಂದ ಎರಡನೆಯದರ ಅಗತ್ಯ ಅವನಿಗೆ ಕಾಣದು. ಅದೇ ಎಣಿಕೆಯಿಂದ ‘ನಿನ್ನೆ ಚಳಿಯಿತ್ತು’ ಎಂಬಲ್ಲಿಯೂ ‘ಲ’ ಸೇರಿಸುತ್ತಾನೆ. ಅಲ್ಲಿ ಅದು ಬೇಡ. ನಿನ್ನೆ ಎಂಬ ಪದವೇ ಕಾಲವನ್ನು ಹೇಳಿಬಿಟ್ಟಿದೆ. ‘ಕೊಳ್ಳಲಿಲ್ಲ’ ಎನ್ನುವಾಗಲೂ ‘ಮೇಯ್ ಮಾಯ್’ ಸಾಕು; ನೆರವೇರದ ಕೆಲಸಕ್ಕೆ ನೆರವೇರಿದ ಗುರುತು ಹೊಂದದು.

ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ. ದೂರದಲ್ಲಿ ವಾಹನ ಕಂಡೊಡನೆ ನಾವು ‘ಬಸ್ಸು ಬಂತು’ ಎನ್ನುತ್ತೇವೆ. ಅದಿನ್ನೂ ನಮ್ಮನ್ನು ತಲುಪಿರುವುದಿಲ್ಲ. ಒಳಗಿನಿಂದ ಯಾರೋ ಕರೆದರೆ ಕುಳಿತಲ್ಲಿಂದಲೇ ‘ಬಂದೆ, ಬಂದೆ’ ಎನ್ನುತ್ತೇವೆ. ಚೀನೀಯರೂ ಬಸ್ಸು ಕಂಡಾಗ ‘ಛ ಲಾಯ್ ಲ’ ಎನ್ನುತ್ತಾರೆ, ಕರೆಗೆ ‘ಲಾಯ್ ಲ, ಲಾಯ್ ಲ’ ಎಂದು ಓಗೊಡುತ್ತಾರೆ. ಇಂಗ್ಲಿಷಿನ ಭೂತಕಾಲ ಅಲ್ಲಿ ಸಲ್ಲದು. ನಮ್ಮ ಮಾಪಕ ಪದಗಳು ಮಾತ್ರ ಹೆಚ್ಚು ನೆರವಿಗೆ ಬಾರವು: ‘ಮೂವರು ಮಕ್ಕಳು, ಮೂರು ಪುಸ್ತಕ’ ಎಂದು ಮನುಷ್ಯರನ್ನು ಬೇರ್ಪಡಿಸಿ ಎಣಿಸುವಲ್ಲಿಗೆ ನಮ್ಮ ಭೇದ ಬಹುಮಟ್ಟಿಗೆ ಮುಗಿಯುತ್ತದೆ.

ನನ್ನ ಸ್ನೇಹಿತರ ಉಪಾಯ ಸರಳವಾಗಿತ್ತು. ನಾಮಪದವನ್ನು ಒಂಟಿಯಾಗಿ ಅವರು ಹಲಗೆಯ ಮೇಲೆ ಬರೆಯುತ್ತಲೇ ಇರಲಿಲ್ಲ. ‘ಒಂದು ಬೆನ್ ಪುಸ್ತಕ’ ಎಂಬಂತೆ ಜೊತೆಯಾಗಿಯೇ ಕಲಿಸುತ್ತಿದ್ದರು. ‘ಲ’ ಕಂಡಲ್ಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: ‘ಇಲ್ಲಿ ಮುಗಿದದ್ದೇನು, ಬದಲಾದದ್ದೇನು?’ ಉತ್ತರ ಹೇಳಲಾಗದ ವಿದ್ಯಾರ್ಥಿ ತಾನೇ ಅದನ್ನು ಅಳಿಸುತ್ತಿದ್ದ.